‘ರಸ್ತೆ ಸರಿ ಮಾಡಿಸಿ’ ಎಂಬ ಮಾತು ಅಂದಾಜು ಪಟ್ಟಿಗೆ ಏರುವುದು ಹೇಗೆ?

ವಾರ್ಡ್ ಸಭೆಯ ನಡಾವಳಿ ಪುಸ್ತಕದಲ್ಲಿ ‘ರಸ್ತೆ ಅಭಿವೃದ್ಧಿ’, ‘ಚರಂಡಿ ಬೇಕು’, ‘ನೀರಿನ ಸಮಸ್ಯೆ’ ಎಂಬ ಸಾಲುಗಳು ಸಾಮಾನ್ಯ. ಇಂಥ ಸಾಲಿಗೆ ಯಾರೂ ಬೆಲೆ ಕಟ್ಟಲಾರರು. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ತೊಂದರೆಗೆ ಕಾರಣವೇನು ಎಂಬುದು ಅದರಲ್ಲಿ ಇರುವುದಿಲ್ಲ. ಕೊನೆಗೆ ಎಂಜಿನಿಯರ್ ಒಂದು ಮೊತ್ತ ಊಹಿಸುತ್ತಾರೆ, ಕಾಮಗಾರಿ ಬೇರೆಲ್ಲೋ ನಡೆಯುತ್ತದೆ. ಕೇಳಿದವರಿಗೆ ಮಾತ್ರ ಮುಂದಿನ ಮಳೆಗಾಲದಲ್ಲೂ ಅದೇ ಕೆಸರು.

ಸಭೆಯ ಮಾತನ್ನು ವೆಚ್ಚದ ಬಾಬ್ತಾಗಿ ಬರೆಯುವ ಕ್ರಮವನ್ನು ಒಂದು ಮಾದರಿ ವಾರ್ಡ್ ಇಟ್ಟುಕೊಂಡು ನೋಡೋಣ. ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ವಾರ್ಡ್ ಎಂದುಕೊಳ್ಳಿ. ಪೈಸಾರಿ ಎನ್ನುವ ಸರ್ಕಾರಿ ಜಾಗದಲ್ಲಿ ಒಂದು ಕಾಲೊನಿ, ಎರಡು ತೋಟದ ಕಾರ್ಮಿಕರ ಲೈನ್‌ಮನೆಗಳು, ಕಾಡಿನಂಚಿನಲ್ಲಿ ಒಂದು ಆದಿವಾಸಿ ಹಾಡಿ. ಕೆಳಗಿನ ಮತ, ಮೊತ್ತ, ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ವಾರ್ಡಿಗೆ ಆ ವರ್ಷದ ಇಲಾಖಾ ದರಪಟ್ಟಿಯನ್ನೇ ಬಳಸಬೇಕು.

ಸಭೆ ಯಾವಾಗ, ಮತ ಹೇಗೆ

ಗ್ರಾಮ ಪಂಚಾಯಿತಿಯಲ್ಲಿ ವಾರ್ಡ್ ಸಭೆ ಮೊದಲು, ಗ್ರಾಮಸಭೆ ಆಮೇಲೆ. ವಾರ್ಡಿನಲ್ಲಿ ಬರೆದದ್ದೇ ಮುಂದಿನ ಕ್ರಿಯಾಯೋಜನೆಗೆ ಬೀಜ. ಕೊಡಗಿನಲ್ಲಿ ದಿನ ಆರಿಸುವಾಗಲೇ ಅರ್ಧ ಫಲಿತಾಂಶ ನಿರ್ಧಾರವಾಗಿಬಿಡುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಆ ತಿಂಗಳುಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಲೈನ್‌ಮನೆಯವರು ಒಂದು ದಿನದ ಕೂಲಿ ಬಿಟ್ಟು ಬರಬೇಕು, ಬರುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರಿನ ರಜಾದಿನ, ಇಲ್ಲವೇ ಕೆಲಸ ಬಿಟ್ಟ ಮೇಲಿನ ಸಂಜೆ ಒಳ್ಳೆಯದು. ಸಂತೆ ದಿನ ಬೇಡ.

ಕೈ ಎತ್ತಿಸಿ ಮತ ಎಣಿಸುವುದನ್ನು ಕೈಬಿಡಿ. ತೋಟದ ಮಾಲೀಕರು ಕುಳಿತ ಕಡೆ ಕಾರ್ಮಿಕರು ಅವರ ಕೈ ನೋಡಿಯೇ ತಮ್ಮ ಕೈ ಎತ್ತುತ್ತಾರೆ. ಪ್ರತಿ ಬೇಡಿಕೆಗೆ ಒಂದು ಡಬ್ಬಿ ಇಟ್ಟು, ಮೇಲೆ ಅಕ್ಷರದ ಜೊತೆ ಚಿತ್ರ ಅಂಟಿಸಿ, ಡಬ್ಬಿಗಳನ್ನು ಪರದೆಯ ಹಿಂದೆ ಇರಿಸಿ. ಒಬ್ಬೊಬ್ಬರಿಗೆ ಮೂರು ಹುಣಸೆ ಬೀಜ ಕೊಡಿ. ಮೂರನ್ನೂ ಒಂದೇ ಡಬ್ಬಿಗೆ ಹಾಕಬಹುದು, ಹಂಚಿಯೂ ಹಾಕಬಹುದು. ಹೆಂಗಸರ ಬೀಜಕ್ಕೆ ಬಣ್ಣ ಹಚ್ಚಿದ್ದರೆ ಎಣಿಕೆಯಲ್ಲಿ ಬೇರೆಯಾಗಿ ಕಾಣುತ್ತದೆ.

ನಮ್ಮ ಮಾದರಿ ಸಭೆಗೆ 46 ಜನ ಬಂದಿದ್ದಾರೆ, ಅವರಲ್ಲಿ 24 ಹೆಂಗಸರು. ಒಟ್ಟು 138 ಬೀಜ. ಹಾಡಿಗೆ ಹೋಗುವ ರಸ್ತೆಗೆ 52, ಕುಡಿಯುವ ನೀರಿಗೆ 41, ಬೀದಿ ದೀಪಕ್ಕೆ 27, ಬಸ್ ತಂಗುದಾಣಕ್ಕೆ 18 ಬಿದ್ದಿವೆ. ಹೆಂಗಸರ 72 ಬೀಜಗಳನ್ನಷ್ಟೇ ಎಣಿಸಿದರೆ ನೀರಿಗೆ 30, ರಸ್ತೆಗೆ 24. ಎರಡೂ ಎಣಿಕೆಗಳನ್ನು ನಡಾವಳಿಯಲ್ಲಿ ಬರೆಯಬೇಕು. ಒಟ್ಟು ಮೊತ್ತ ಮಾತ್ರ ಬರೆದರೆ ನೀರು ಹೊರುವವರ ಮೊದಲ ಬೇಡಿಕೆ ಎರಡನೆಯದಾಗಿ ದಾಖಲಾಗುತ್ತದೆ, ಅದು ಏಕೆ ಹಾಗಾಯಿತೆಂದು ಗ್ರಾಮಸಭೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಬೇಡಿಕೆ ಬೇರೆ, ಕಾರಣ ಬೇರೆ

ಬಹುಪಾಲು ಸಭೆಗಳು ಮತ ಎಣಿಸಿ ಮುಗಿಯುತ್ತವೆ. ನಿಜವಾದ ಕೆಲಸ ಮರುದಿನದ್ದು. ಮೊದಲ ಎರಡು ಬೇಡಿಕೆಗಳ ಸ್ಥಳಕ್ಕೆ ವಾರ್ಡ್ ಸದಸ್ಯರು, ಕಿರಿಯ ಎಂಜಿನಿಯರ್, ಆ ದಾರಿ ಬಳಸುವ ಮೂರು ನಾಲ್ಕು ಜನ ಒಟ್ಟಿಗೆ ನಡೆದು ಹೋಗಬೇಕು. ಕೈಯಲ್ಲಿ 30 ಮೀಟರ್ ಟೇಪು, ಜೇಬಿನಲ್ಲಿ ಮೊಬೈಲು ಸಾಕು.

ಸಭೆಯಲ್ಲಿ ಬಂದ ಮಾತು: ‘ಹಾಡಿ ರಸ್ತೆ ಕೊಚ್ಚಿ ಹೋಗಿದೆ, ಕಾಂಕ್ರೀಟ್ ಹಾಕಿಸಿ.’ ಹಾಳಾದ ಭಾಗ 150 ಮೀಟರ್. 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಎಂದರೆ 67.5 ಘನ ಮೀಟರ್. ಘನ ಮೀಟರಿಗೆ 8,500 ರೂಪಾಯಿ ಹಿಡಿದರೆ 5,73,750, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ ಸುಮಾರು 6.77 ಲಕ್ಷ.

ನಡೆದು ನೋಡಿದಾಗ ಕಾಣುವುದು ಬೇರೆ. ಮೇಲ್ಗಡೆ ಕೊಲ್ಲಿ, ಅಂದರೆ ಸಣ್ಣ ತೊರೆ, ರಸ್ತೆ ದಾಟುವಲ್ಲಿ ಒಂದಡಿಯ ಹಳೆಯ ಪೈಪು ಇದೆ. ಜುಲೈ ಮಳೆಗೆ ತೋಟದ ತರಗೆಲೆ, ಸಿಲ್ವರ್ ಓಕ್ ರೆಂಬೆ, ಬರೆ ಎನ್ನುವ ಕಡಿದಾದ ಮಣ್ಣಿನ ದಿಬ್ಬದಿಂದ ಜಾರಿದ ಮಣ್ಣು ಎಲ್ಲ ಅದರ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಕೊಲ್ಲಿಯ ನೀರಿಗೆ ದಾರಿಯಿಲ್ಲದೆ ರಸ್ತೆಯೇ ದಾರಿಯಾಗುತ್ತದೆ. ಇದು ಪೈಪಿನ ತೊಂದರೆಯೇ ಎಂದು ತಿಳಿಯುವುದು ಸುಲಭ. ಕೊರಕಲು ಪೈಪಿನ ಬಾಯಿಯ ಪಕ್ಕದಲ್ಲೇ ಶುರುವಾಗಿ ಇಳಿಜಾರಿನುದ್ದಕ್ಕೂ ಆಳವಾಗುತ್ತ ಹೋಗಿರುತ್ತದೆ, ಪೈಪಿನ ಮೇಲ್ಗಡೆಯ ರಸ್ತೆ ಗಟ್ಟಿಯಾಗಿಯೇ ಇರುತ್ತದೆ. ಇದನ್ನು ಬಿಟ್ಟು ಕಾಂಕ್ರೀಟ್ ಹಾಕಿದರೆ ನೀರು ಅಂಚಿನಿಂದ ಒಳಹೊಕ್ಕು ಅಡಿಮಣ್ಣು ತೆಗೆಯುತ್ತದೆ, ಮೇಲಿನ ಹಲಗೆ ಬಿರಿಯುತ್ತದೆ.

ಹಾಗಾಗಿ ‘ರಸ್ತೆ’ ಎಂಬ ಒಂದು ಬೇಡಿಕೆ ಎರಡು ಬಾಬ್ತಾಗುತ್ತದೆ. ರಸ್ತೆಯ ಅಡಿಯಲ್ಲಿ ನೀರು ದಾಟಿಸುವ ಒಂದು ಮೋರಿ, ಒಂದು ಚರಂಡಿ. ಈ ಬದಲಾವಣೆಯನ್ನು ಅಲ್ಲಿಯೇ ನಿಂತು ಜನರಿಗೆ ತೋರಿಸಿ ಹೇಳಬೇಕು. ಕಚೇರಿಯಲ್ಲಿ ಬದಲಿಸಿದರೆ ‘ನಾವು ಕೇಳಿದ್ದು ಕಾಂಕ್ರೀಟ್, ಕೊಟ್ಟಿದ್ದು ಮೋರಿ’ ಎಂಬ ದೂರು ಮುಂದಿನ ಸಭೆಗೆ ಬರುತ್ತದೆ, ಮತ್ತು ಆ ದೂರು ನ್ಯಾಯವಾದದ್ದೇ.

ಅಳತೆಯಿಂದ ಮೊತ್ತಕ್ಕೆ

ಮೋರಿಗೆ ಒಂದು ಮೀಟರ್ ವ್ಯಾಸದ ಹ್ಯೂಮ್ ಪೈಪು ಹಿಡಿಯೋಣ. ಚಿಕ್ಕದು ಅಗ್ಗ, ಆದರೆ ಆಳು ಒಳಹೊಕ್ಕು ಕಸ ತೆಗೆಯಲು ಆಗುವುದಿಲ್ಲ, ಎರಡು ಮಳೆಗಾಲದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಪೈಪು 2.5 ಮೀಟರ್ ಉದ್ದದ ತುಂಡುಗಳಲ್ಲಿ ಬರುತ್ತದೆ. ರಸ್ತೆ ಮತ್ತು ಎರಡೂ ಬದಿಯ ಅಂಚು ಸೇರಿ 7.5 ಮೀಟರಿಗೆ ಮೂರು ತುಂಡು. ಪೈಪಿನ ಮೇಲೆ ಸುಮಾರು 60 ಸೆಂಟಿಮೀಟರ್ ಮಣ್ಣಿನ ಹೊದಿಕೆ ಸಿಗುವಂತೆ ಆಳ ನೋಡಬೇಕು. ಕಡಿಮೆಯಾದರೆ ಕಾಫಿ ಮೂಟೆ ಹೇರಿದ ಲಾರಿಯ ಭಾರಕ್ಕೆ ಪೈಪು ಸೀಳುತ್ತದೆ. ಎರಡೂ ತುದಿಯ ಗೋಡೆ, ನೀರು ಬೀಳುವಲ್ಲಿ ಕಲ್ಲಿನ ಹಾಸು, ತೆರಿಗೆ ಎಲ್ಲ ಸೇರಿ ನಮ್ಮ ಮಾದರಿಯಲ್ಲಿ 2.40 ಲಕ್ಷ. ಕಲ್ಲಿನ ಹಾಸನ್ನು ಉಳಿತಾಯಕ್ಕೆಂದು ಬಿಡುವುದುಂಟು. ಬಿಟ್ಟರೆ ಬೀಳುವ ನೀರು ಗೋಡೆಯ ಬುಡ ಕೊರೆದು ಬರೆ ಜಾರುತ್ತದೆ.

ಚರಂಡಿ 80 ಮೀಟರ್. ಒಳಗೆ 45 ಸೆಂಟಿಮೀಟರ್ ಅಗಲ, ಅಷ್ಟೇ ಆಳ. ಗೋಡೆ 15, ತಳ 10 ಸೆಂಟಿಮೀಟರ್ ದಪ್ಪ. ಮೀಟರ್ ಉದ್ದಕ್ಕೆ ತಳಕ್ಕೆ 0.075, ಎರಡು ಗೋಡೆಗೆ 0.135, ಕೂಡಿ 0.21 ಘನ ಮೀಟರ್ ಕಾಂಕ್ರೀಟ್. 80 ಮೀಟರಿಗೆ 16.8 ಘನ ಮೀಟರ್, 1,42,800 ರೂಪಾಯಿ. ಮಣ್ಣು ಅಗೆತಕ್ಕೆ 13,860. ಎರಡೂ ಸೇರಿ 1,56,660. ಜಿಎಸ್‌ಟಿ ಹಾಗೂ ಶೇ 1ರ ಕಟ್ಟಡ ಕಾರ್ಮಿಕರ ಸೆಸ್ ಕೂಡಿದರೆ 1.86 ಲಕ್ಷ, ಅಂದರೆ ಮೀಟರಿಗೆ ಸುಮಾರು 2,330. ಈ ಕೊನೆಯ ಅಂಕಿಯನ್ನು ನಡಾವಳಿಯಲ್ಲಿ ತಪ್ಪದೆ ಬರೆಯಿರಿ, ಮುಂದೆ ಬೇಕಾಗುತ್ತದೆ.

ಅಂದಾಜಿನಲ್ಲಿ ಸಾಗಣೆ ಸೇರಿದೆಯೇ ಎಂದು ಕೇಳುವುದು ಕೊಡಗಿನಲ್ಲಿ ಅಗತ್ಯ. ಲಾರಿ ಹೋಗದ ದಾರಿಯಲ್ಲಿ ಮರಳು, ಜಲ್ಲಿಯನ್ನು ಪಿಕಪ್ಪಿಗೆ ಬದಲಿಸಿ ಸಾಗಿಸಬೇಕು. ಆ ಖರ್ಚು ಅಂದಾಜಿನಲ್ಲಿ ಇಲ್ಲದಿದ್ದರೆ ಗುತ್ತಿಗೆದಾರರು ಅದನ್ನು ಸಿಮೆಂಟಿನಲ್ಲೋ ಗೋಡೆಯ ದಪ್ಪದಲ್ಲೋ ಉಳಿಸಿಕೊಳ್ಳುತ್ತಾರೆ.

ನೆಲ ಯಾರದು

ಮೊತ್ತ ಸಿಕ್ಕ ಮೇಲೂ ಕಾಮಗಾರಿ ನಿಲ್ಲುವುದು ಇಲ್ಲಿ. ತೋಟದೊಳಗಿನ ದಾರಿಯನ್ನು ಊರೆಲ್ಲ ಬಳಸಿದರೂ ಅದು ಮಾಲೀಕರ ಹೆಸರಿನಲ್ಲೇ ಇರಬಹುದು. ಬಾಯಿಮಾತಿನ ಒಪ್ಪಿಗೆ ತೋಟ ಮಾರಾಟವಾದ ದಿನಕ್ಕೆ ಮುಗಿಯುತ್ತದೆ. ಆ ಜಾಗವನ್ನು ಪಂಚಾಯಿತಿಗೆ ನೋಂದಾಯಿಸಿ ಬಿಟ್ಟುಕೊಟ್ಟ ದಾಖಲೆ ಕಡತದಲ್ಲಿ ಇರಬೇಕು.

ಹಾಡಿಯ ಕಡೆಯ ನೆಲ ಅರಣ್ಯದ್ದಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ನೋಡಿ. ರಸ್ತೆ, ಕುಡಿಯುವ ನೀರಿನ ಕೊಳವೆ ಮೊದಲಾದ ಸೌಕರ್ಯಕ್ಕೆ ಪ್ರತಿ ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಅದರಲ್ಲಿ ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಆದ್ದರಿಂದ ವಾರ್ಡ್ ಸಭೆಯ ನಡಾವಳಿಯಲ್ಲೇ ಮರಗಳ ಎಣಿಕೆ ಮತ್ತು ಜಾಗದ ಅಳತೆ ಇದ್ದರೆ ಗ್ರಾಮಸಭೆ ಅದೇ ದಿನ ಶಿಫಾರಸು ಮಾಡಬಹುದು.

ಬಸ್ ತಂಗುದಾಣ ಲೋಕೋಪಯೋಗಿ ಇಲಾಖೆಯ ರಸ್ತೆ ಬದಿಯದ್ದಾದರೆ ಆ ಇಲಾಖೆಗೆ ಠರಾವು ಕಳಿಸಬೇಕು. ‘ಪಂಚಾಯಿತಿ ವ್ಯಾಪ್ತಿಯಲ್ಲಿಲ್ಲ, ಇಂಥ ಕಚೇರಿಗೆ ಕಳಿಸಲಾಗಿದೆ’ ಎಂದು ಬರೆಯಿರಿ, ಸುಮ್ಮನೆ ಕೈಬಿಡಬೇಡಿ.

ಎರಡನೆಯ ಬೇಡಿಕೆ ಮೊದಲು ಆಗುವುದೇಕೆ

ಪಂಚಾಯಿತಿಯ ಹಣವೆಲ್ಲ ಒಂದೇ ಗಂಟಿನಲ್ಲಿ ಇರುವುದಿಲ್ಲ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು. ಅದು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು, ಉಳಿದ ಶೇ 40 ಅನಿರ್ಬಂಧಿತವಾಗಿತ್ತು. ಸಭೆ ಕೂರುವ ವರ್ಷದ ಸುತ್ತೋಲೆಯಲ್ಲಿ ಈ ಪಾಲು ಎಷ್ಟಿದೆಯೆಂದು ಪಿಡಿಒ ಮೊದಲೇ ಓದಿ ಹೇಳಬೇಕು. ರಸ್ತೆಯ ಮೋರಿಗೆ ನೀರಿನ ಹಣ ಬಳಸುವಂತಿಲ್ಲ.

ನೀರಿನ ತೊಂದರೆಯ ಕಾರಣ ಎತ್ತರ. ಟ್ಯಾಂಕಿನಿಂದ ಬರುವ ಒಂದೇ ಕೊಳವೆಯಲ್ಲಿ ಕೆಳಗಿನ ಮನೆಗಳ ನಲ್ಲಿ ತೆರೆದಿರುವವರೆಗೂ ಮೇಲಿನ ಕಾಲೊನಿಗೆ ಒತ್ತಡ ಸಿಗದು. ಹೊಸ ಕೊಳವೆ ಬಾವಿ ಬೇಡ, ಮೇಲಿನ ಮನೆಗಳಿಗೆ ಪ್ರತ್ಯೇಕ ಕೊಳವೆ ಮತ್ತು ಎರಡು ವಾಲ್ವ್ ಸಾಕು. ಮಾದರಿ ಮೊತ್ತ 95 ಸಾವಿರ. ನಿರ್ಬಂಧಿತ ಹಣದಲ್ಲಿ ಅದು ಪೂರ್ತಿ ಹಿಡಿಯುತ್ತದೆ.

ಅನಿರ್ಬಂಧಿತ ಹಣದಲ್ಲಿ ಈ ವಾರ್ಡಿನ ಪಾಲು 3.10 ಲಕ್ಷ ಎಂದುಕೊಳ್ಳಿ. ಮೋರಿಗೆ 2.40 ಹೋದರೆ ಉಳಿಯುವುದು 70 ಸಾವಿರ. ಮೀಟರಿಗೆ 2,330ರಂತೆ 30 ಮೀಟರ್ ಚರಂಡಿ. ಈ 30 ಮೀಟರನ್ನು ಎಲ್ಲಿಂದ ಕಟ್ಟಬೇಕು ಎಂಬುದೇ ಮುಖ್ಯ. ನೀರು ಹೊರಬೀಳುವ ತುದಿಯಿಂದ ಮೇಲಕ್ಕೆ ಕಟ್ಟಬೇಕು. ಮೇಲಿನಿಂದ ಶುರು ಮಾಡಿದರೆ ಒಟ್ಟುಗೂಡಿದ ನೀರೆಲ್ಲ ಅರ್ಧಕ್ಕೆ ನಿಂತ ಚರಂಡಿಯ ಬಾಯಿಂದ ರಸ್ತೆಗೆ ಇಳಿಯುತ್ತದೆ, ಮೊದಲಿಗಿಂತ ಹೆಚ್ಚು ಹಾಳು.

ಬೀದಿ ದೀಪಕ್ಕೆ ಈ ವರ್ಷ ಹಣವಿಲ್ಲ. ಕಾಡಾನೆ ದಾಟುವ ತಿರುವಿನ ಎರಡು ದೀಪಗಳನ್ನಾದರೂ ಪಂಚಾಯಿತಿಯ ಸ್ವಂತ ಆದಾಯದಲ್ಲಿ ಮೊದಲು ಹಾಕಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಬರೆಯುವ ಸಾಲು

ಕೊನೆಗೆ ನಡಾವಳಿಯಲ್ಲಿ ಬರುವ ಸಾಲು ಹೀಗಿರಲಿ: ‘ಹಾಡಿ ರಸ್ತೆಯ ಕೊಲ್ಲಿ ದಾಟುವಲ್ಲಿ ಒಂದು ಮೀಟರ್ ವ್ಯಾಸದ ಒಂದು ಸಾಲಿನ ಪೈಪ್ ಮೋರಿ, 7.5 ಮೀಟರ್. ಹೊರತುದಿಯಿಂದ ಮೇಲಕ್ಕೆ 30 ಮೀಟರ್ ಚರಂಡಿ. ಉಳಿದ 50 ಮೀಟರ್ ಮುಂದಿನ ವರ್ಷಕ್ಕೆ. ಮತ 52. ಅಂದಾಜು 3.10 ಲಕ್ಷ, ಅನಿರ್ಬಂಧಿತ. ಮೇ ತಿಂಗಳೊಳಗೆ ಮುಗಿಯಬೇಕು.’ ತಿಂಗಳನ್ನು ಬರೆಯದಿದ್ದರೆ ಕೆಲಸದ ಆದೇಶ ಮೇ ಕೊನೆಗೆ ಬರುತ್ತದೆ, ಅಗೆದ ಗುಂಡಿಗೆ ಜೂನ್ ಮಳೆ ತುಂಬುತ್ತದೆ.

ಇದನ್ನು ಗಟ್ಟಿಯಾಗಿ ಓದಿದ ಮೇಲೆಯೇ ಸಹಿ, ಹೆಬ್ಬೆಟ್ಟು ಪಡೆಯಿರಿ. ಖಾಲಿ ಹಾಳೆಗೆ ಮೊದಲೇ ಸಹಿ ಮಾಡಿಸಿದ ಪುಸ್ತಕದಲ್ಲಿ ಆಮೇಲೆ ಏನು ಬೇಕಾದರೂ ಬರೆಯಬಹುದು. ಕ್ರಿಯಾಯೋಜನೆ ಅನುಮೋದನೆಯಾಗಿ ಬಂದಾಗ ಹೆಸರನ್ನಷ್ಟೇ ಅಲ್ಲ, ಉದ್ದವನ್ನೂ ಹೋಲಿಸಿ ನೋಡಿ. ಹೆಸರು, ಮೊತ್ತ ಎರಡೂ ಅವೇ ಇದ್ದು 30 ಮೀಟರ್ 20 ಆಗಿದ್ದರೆ, ಮೀಟರಿನ ದರ ಏಕೆ ಏರಿತೆಂದು ಅಳತೆ ಪುಸ್ತಕ ತೆರೆಸಿ ಕೇಳಲು ನಡಾವಳಿಯ ಆ 2,330 ಎಂಬ ಅಂಕಿಯೇ ಆಧಾರ.