‘ಎಲ್ಲ ಸುಳ್ಳು’ ಎನ್ನುವ ಮುನ್ನ: 313 ಹೇಳಿಕೆಗೆ ತಯಾರಾಗುವುದು ಹೇಗೆ

ಪ್ರಾಸಿಕ್ಯೂಷನ್ ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನಿಸುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 313ನೇ ಕಲಂ ಆಗಿದ್ದರಿಂದ ಕೋರ್ಟಿನ ಆವರಣದಲ್ಲಿ ಇದಕ್ಕೆ ಇಂದಿಗೂ ‘313 ಹೇಳಿಕೆ’ ಎಂದೇ ಹೆಸರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 351ನೇ ಕಲಂ. ಆ ದಿನಕ್ಕೂ ಮುಂಚೆ ಶುರುವಾಗಿದ್ದ ವಿಚಾರಣೆಗಳು ಹಳೆಯ ಸಂಹಿತೆಯಡಿಯಲ್ಲೇ ನಡೆಯುವುದರಿಂದ ಎರಡೂ ಸಂಖ್ಯೆಗಳು ಇನ್ನಷ್ಟು ಕಾಲ ಕಿವಿಗೆ ಬೀಳುತ್ತಲೇ ಇರುತ್ತವೆ.

ಹತ್ತು ಹದಿನೈದು ನಿಮಿಷದಲ್ಲಿ ಮುಗಿದುಹೋಗುವ ಈ ಕೆಲಸವನ್ನು ಬಹಳ ಮಂದಿ ಶಾಸ್ತ್ರಕ್ಕೆಂದು ಮಾಡಿ ಮುಗಿಸುತ್ತಾರೆ. ಆರೋಪಿ ಕಟಕಟೆಯಲ್ಲಿ ನಿಂತು ‘ಸುಳ್ಳು, ಸುಳ್ಳು, ಸುಳ್ಳು’ ಎನ್ನುತ್ತಾನೆ, ವಕೀಲರು ಮುಂದಿನ ದಿನಾಂಕ ಬರೆದುಕೊಳ್ಳುತ್ತಾರೆ. ಮೇಲ್ಮನವಿಗೆ ಹೋದಾಗಲೇ ಆ ಕಾಗದದ ಬೆಲೆ ಗೊತ್ತಾಗುವುದು.

ಮೊದಲು ಪ್ರಾಥಮಿಕ ಸಂಗತಿಗಳು. ಆರೋಪಿಗೆ ಪ್ರಮಾಣ ಬೋಧಿಸುವಂತಿಲ್ಲ. ಉತ್ತರ ಕೊಡದಿದ್ದರೆ, ಸುಳ್ಳು ಉತ್ತರ ಕೊಟ್ಟರೆ ಅದಕ್ಕಾಗಿ ಶಿಕ್ಷೆಯಿಲ್ಲ. ಸರ್ಕಾರಿ ಅಭಿಯೋಜಕರು ಇಲ್ಲಿ ಪಾಟೀ ಸವಾಲು ಮಾಡುವಂತಿಲ್ಲ. ಪ್ರಶ್ನೆ ಕೇಳುವುದು ನ್ಯಾಯಾಧೀಶರು ಮಾತ್ರ.

ಈಗ ಕಷ್ಟದ ಭಾಗಕ್ಕೆ ಬರೋಣ: ಪ್ರಶ್ನೆ ಸಿದ್ಧಪಡಿಸುವುದು. ಒಂದು ಮನೆಗಳವಿನ ಕೇಸು ಇಟ್ಟುಕೊಳ್ಳಿ. ಪಿ.ಡಬ್ಲ್ಯು.1, ಅಂದರೆ ಪ್ರಾಸಿಕ್ಯೂಷನ್ನಿನ ಮೊದಲ ಸಾಕ್ಷಿ, ಮನೆಯೊಡತಿ; ಬೀಗ ಒಡೆದಿತ್ತು, ಚಿನ್ನದ ಸರ ಇರಲಿಲ್ಲ ಎನ್ನುತ್ತಾರೆ. ಪಿ.ಡಬ್ಲ್ಯು.3 ಪಕ್ಕದ ಮನೆಯವರು. ಅಂದು ರಾತ್ರಿ ಆರೋಪಿಯನ್ನು ಗೇಟಿನ ಬಳಿ ಕಂಡೆ ಎನ್ನುತ್ತಾರೆ. ಪಿ.ಡಬ್ಲ್ಯು.5 ಪಂಚ, ನಾಲ್ಕು ದಿನದ ನಂತರ ಆರೋಪಿ ತನ್ನ ಮನೆಯ ಟ್ರಂಕಿನಿಂದ ಸರ ತೆಗೆದುಕೊಟ್ಟ, ಮಹಜರಿಗೆ ನಾನೇ ಸಹಿ ಹಾಕಿದ್ದೇನೆ ಎನ್ನುತ್ತಾರೆ. ಬೀರುವಿನ ಬಾಗಿಲಿನ ಬೆರಳಚ್ಚು ಆರೋಪಿಯದೇ ಎಂದು ಪಿ.ಡಬ್ಲ್ಯು.8, ಬೆರಳಚ್ಚು ತಜ್ಞರ ಸಾಕ್ಷ್ಯ.

ನಾನು ನೋಡಿರುವ ಕೆಟ್ಟ ಪ್ರಶ್ನೆ ಹೀಗಿರುತ್ತದೆ: ‘ಪಿ.ಡಬ್ಲ್ಯು.1ರಿಂದ 8ರವರೆಗಿನ ಸಾಕ್ಷಿಗಳು ನೀವು ಬೀಗ ಒಡೆದು ಸರ ಕದ್ದಿರಿ, ಅದು ನಿಮ್ಮಿಂದ ಜಪ್ತಿಯಾಯಿತು ಎಂದಿದ್ದಾರೆ. ಏನು ಹೇಳುತ್ತೀರಿ?’ ಇದಕ್ಕೆ ‘ಸುಳ್ಳು’ ಅನ್ನದೆ ಇನ್ನೇನು ಹೇಳಲು ಸಾಧ್ಯ? ಯಾವುದು ಸುಳ್ಳು, ಸರ ಸಿಕ್ಕಿದ್ದೋ, ಅದು ಮನೆಯೊಡತಿಯದು ಎಂಬುದೋ? ಇಂಥ ಗಂಟುಪ್ರಶ್ನೆ ಕೂಡದು, ಪ್ರತಿಯೊಂದು ಸಂಗತಿಯನ್ನೂ ಬಿಡಿಬಿಡಿಯಾಗಿ, ಆರೋಪಿಗೆ ಅರ್ಥವಾಗುವಂತೆ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1951ರಲ್ಲೇ ತಾರಾ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಬಿಡಿಸಿದರೆ ನಾಲ್ಕು ಪ್ರಶ್ನೆಗಳಾಗುತ್ತವೆ: ಬೀಗ ಒಡೆದು ಸರ ಹೋದದ್ದು, ಗೇಟಿನ ಬಳಿ ಕಂಡದ್ದು, ಟ್ರಂಕಿನಿಂದ ಸರ ತೆಗೆದುಕೊಟ್ಟದ್ದು, ಬೆರಳಚ್ಚು. ಸಾಕ್ಷಿ ಹೇಳಿದ್ದನ್ನೆಲ್ಲ ಮುಖ್ಯ ವಿಚಾರಣೆಯಿಂದ ಹಾಗೇ ಎತ್ತಿ ಕಂಪ್ಯೂಟರಿನಲ್ಲಿ ಅಂಟಿಸಿ, ಕೊನೆಗೆ ‘ಏನು ಹೇಳುತ್ತೀರಿ’ ಎಂದು ಸೇರಿಸುವ ಅಭ್ಯಾಸವಿದೆ. ಅದು ಪ್ರಶ್ನಾವಳಿಯಲ್ಲ, ನಕಲು ಪ್ರತಿ. ಹಳೇ ಕೇಸಿನ ಫೈಲು ತೆರೆದು ಹೆಸರು ಬದಲಿಸುವುದು ಅದಕ್ಕಿಂತ ಕೆಟ್ಟದ್ದು. ಈ ಕೇಸಿನಲ್ಲಿ ಇಲ್ಲದ ಚಾಕು ಆ ಪ್ರಶ್ನೆಯಲ್ಲಿ ಉಳಿದುಬಿಟ್ಟಿರುತ್ತದೆ.

ಬೆರಳಚ್ಚಿನ ಪ್ರಶ್ನೆಯೇ ಬಿಟ್ಟುಹೋಯಿತು ಅನ್ನಿ. ಆರೋಪಿಯ ಮುಂದಿಡದ ಸಂಗತಿಯನ್ನು ಅವನ ವಿರುದ್ಧ ಬಳಸುವಂತಿಲ್ಲ ಎಂಬುದು 1984ರ ಶರದ್ ಬಿರ್ದಿಚಂದ್ ಸಾರ್ಡಾ ತೀರ್ಪಿನ ಮಾತು. ಹಾಗೆಂದು ಒಂದು ಪ್ರಶ್ನೆ ಬಿಟ್ಟುಹೋದ ಮಾತ್ರಕ್ಕೆ ಇಡೀ ವಿಚಾರಣೆ ಬಿದ್ದುಹೋಗುವುದಿಲ್ಲ. ಅದರಿಂದ ಆರೋಪಿಗೆ ಅನ್ಯಾಯವಾಗಿದೆಯೇ ಎಂದು ನೋಡುತ್ತಾರೆ. ಮೇಲ್ಮನವಿ ನ್ಯಾಯಾಲಯ ತಾನೇ ಪ್ರಶ್ನೆ ಕೇಳಬಹುದು, ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಲೂಬಹುದು. ಆದರೆ 2023ರಲ್ಲಿ ತೀರ್ಮಾನವಾದ ದೆಹಲಿಯ ರಾಜಕುಮಾರ್ ಪ್ರಕರಣದಲ್ಲಿ ಘಟನೆ ನಡೆದು 27 ವರ್ಷ ಕಳೆದಿತ್ತು. ಈಗ ಮತ್ತೆ ಪ್ರಶ್ನಿಸಲು ಕಳಿಸುವುದು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಇದನ್ನು ಓದಿ, ‘ಪ್ರಶ್ನೆ ಬಿಟ್ಟುಹೋಗಲಿ, ನಮಗೇ ಲಾಭ’ ಎಂದು ಬಾಯಿ ಮುಚ್ಚಿ ಕೂರುವ ವಕೀಲರಿದ್ದಾರೆ. ನಾನದನ್ನು ಒಪ್ಪುವುದಿಲ್ಲ. ಆಕ್ಷೇಪವನ್ನು ಮೊದಲೇ ಎತ್ತಿದ್ದರೇ ಎಂಬುದನ್ನೂ ನ್ಯಾಯಾಲಯ ಗಮನಿಸುತ್ತದೆ. ಅಷ್ಟರೊಳಗೆ ನಿಮ್ಮ ಕಕ್ಷಿದಾರ ಜೈಲಿನಲ್ಲಿ ಎಷ್ಟು ವರ್ಷ ಕಳೆದಿರುತ್ತಾನೋ. ಪ್ರಶ್ನೆ ಸಿದ್ಧಪಡಿಸುವಾಗ ಎರಡೂ ಕಡೆಯ ವಕೀಲರ ನೆರವು ಪಡೆಯಲು ನ್ಯಾಯಾಧೀಶರಿಗೆ ಕಾನೂನೇ ಅವಕಾಶ ಕೊಟ್ಟಿದೆ. ಕರಡು ಪ್ರಶ್ನಾವಳಿ ಕೇಳಿ ಪಡೆದು, ಹಿಂದಿನ ದಿನವೇ ಕಕ್ಷಿದಾರನ ಜತೆ ಕೂತು ಓದಿ.

ಇನ್ನು ಉತ್ತರ. ಬೀಗ ಒಡೆದಿತ್ತು ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ‘ನನಗೆ ಗೊತ್ತಿಲ್ಲ’. ಪರರ ಮನೆಯ ಬೀಗದ ವಿಚಾರ ಸುಳ್ಳು ಎನ್ನಲು ಇವನಿಗೆ ಹೇಗೆ ಗೊತ್ತು? ಗೇಟಿನ ಪ್ರಶ್ನೆಗೆ ‘ಸುಳ್ಳು’ ಸಾಕು. ಸರದ ಪ್ರಶ್ನೆಗೆ ಮಾತ್ರ ಅದು ಸಾಲದು. ಕಳವಾದ ಕೆಲವೇ ದಿನದಲ್ಲಿ ಆ ಮಾಲು ಒಬ್ಬನ ಬಳಿ ಸಿಕ್ಕಿ, ಅದು ಹೇಗೆ ಬಂತೆಂದು ಅವನು ಹೇಳದಿದ್ದರೆ, ಅವನೇ ಕಳ್ಳ ಅಥವಾ ಕಳ್ಳಮಾಲು ಇಟ್ಟುಕೊಂಡವನು ಎಂದು ನ್ಯಾಯಾಲಯ ಊಹಿಸಬಹುದು. ಸರ ತನ್ನ ಹೆಂಡತಿಯದೇ ಆಗಿದ್ದರೆ ಅದನ್ನು ಹೇಳಬೇಕಾದ ಜಾಗ ಇದೇ: ‘ಅದು ನನ್ನ ಹೆಂಡತಿಯ ಸರ. ಪೊಲೀಸರು ಟ್ರಂಕಿನಿಂದ ತೆಗೆದುಕೊಂಡು ಹೋದರು.’ ಇಲ್ಲಿ ಬರೀ ‘ಸುಳ್ಳು’ ಎಂದು, ಹೈಕೋರ್ಟಿನಲ್ಲಿ ಮೊದಲ ಸಲ ಹೆಂಡತಿಯ ಸರದ ಮಾತೆತ್ತಿದರೆ ನಂಬುವವರು ಕಡಿಮೆ.

ಹೇಳಿದರಷ್ಟೇ ಸಾಲದು ಎಂಬುದನ್ನೂ ನೆನಪಿಡಿ. ಪ್ರಮಾಣವಿಲ್ಲದ, ಪಾಟೀ ಸವಾಲಿಲ್ಲದ ಈ ಮಾತನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳುತ್ತದೆ, ಆದರೆ ಪೂರ್ಣ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಬಿಲ್ಲು ಕೊಟ್ಟ ಅಂಗಡಿಯವರನ್ನೋ ಹೆಂಡತಿಯನ್ನೋ ಮುಂದೆ ಪ್ರತಿವಾದದ ಸಾಕ್ಷಿಯಾಗಿ ಕರೆಸಬೇಕು. ಆರೋಪಿ ತಾನೇ ಸಾಕ್ಷಿಪೆಟ್ಟಿಗೆ ಹತ್ತುವುದಿದ್ದರೆ ಲಿಖಿತ ಕೋರಿಕೆ ಬೇಕು; ಆಗ ಪಾಟೀ ಸವಾಲು ತಪ್ಪದು. ಅತ್ತ ಪ್ರಾಸಿಕ್ಯೂಷನ್ನಿಗೂ ಮಿತಿಯಿದೆ. ಆರೋಪಿಯ ಉತ್ತರವೊಂದನ್ನೇ ಆಧಾರ ಮಾಡಿಕೊಂಡು ಶಿಕ್ಷೆ ಕೊಡುವಂತಿಲ್ಲ. ಅವನ ಸಮಜಾಯಿಷಿ ಸುಳ್ಳೆಂದು ಕಂಡರೂ, ಸಾಕ್ಷ್ಯದ ಕೊಂಡಿಗಳೆಲ್ಲ ಮೊದಲೇ ಕೂಡಿಕೊಂಡಿದ್ದರೆ ಮಾತ್ರ ಅದು ಮತ್ತೊಂದು ಕೊಂಡಿಯಾದೀತು. ಕಳಚಿದ ಕೊಂಡಿಯ ಜಾಗವನ್ನು ತುಂಬದು.

ಲಿಖಿತ ಹೇಳಿಕೆ ಸಲ್ಲಿಸಿ ಮುಗಿಸುವ ಅಡ್ಡದಾರಿಗೂ ಕಾನೂನಿನಲ್ಲಿ ಅನುಮತಿಯಿದೆ, ನ್ಯಾಯಾಲಯ ಒಪ್ಪಿದರೆ. ಆರೋಪಿ ಖುದ್ದಾಗಿ ಬರಲು ನಿಜಕ್ಕೂ ಆಗದಿದ್ದಾಗ ಪ್ರಶ್ನಾವಳಿ ಕಳಿಸಿ ಉತ್ತರ ಪಡೆಯುವ ದಾರಿಯನ್ನು 2000ದಲ್ಲಿ ನಮ್ಮ ರಾಜ್ಯದ್ದೇ ಆದ ಬಸವರಾಜ ಆರ್. ಪಾಟೀಲ ಪ್ರಕರಣ ತೆರೆಯಿತು. ನನ್ನ ಸಲಹೆ: ಬಾಯಿಮಾತಿನ ಉತ್ತರದ ಜತೆಗೆ ಲಿಖಿತ ಹೇಳಿಕೆ ಕೊಡಿ, ಬದಲಿಗೆ ಅಲ್ಲ. ವಕೀಲರ ಭಾಷೆಯ ಎಂಟು ಪುಟಕ್ಕಿಂತ ಆರೋಪಿಯ ಒಂದು ಸಾಲು ಹೆಚ್ಚು ತೂಗುತ್ತದೆ.

ಕೊನೆಗೆ ಸಹಿ. ಇಲ್ಲಿ ಒಂದು ಸಣ್ಣ ಎಡವಟ್ಟು ಆಗಾಗ ಆಗುತ್ತದೆ. ‘ಪಂಚರು ಹೀಗೆ ಹೇಳಿದ್ದು ಕೇಳಿಸಿಕೊಂಡೆಯಾ?’ ಎಂದರೆ ಆರೋಪಿ ‘ಹೌದು ಸ್ವಾಮಿ’ ಎನ್ನುತ್ತಾನೆ. ಟೈಪಾಗುವುದು ಬರೀ ‘ಹೌದು’. ಕೇಳಿಸಿಕೊಂಡದ್ದು ಒಪ್ಪಿಕೊಂಡಂತೆ ಕೂತುಬಿಡುತ್ತದೆ. ದಾಖಲಾದದ್ದನ್ನು ಆರೋಪಿಗೆ ಓದಿ ಹೇಳಬೇಕು, ಉತ್ತರವನ್ನು ವಿವರಿಸಲು, ಸೇರಿಸಲು ಅವನಿಗೆ ಅವಕಾಶ ಕೊಡಬೇಕು. ಸಹಿ ಆಮೇಲೆ. ಬೆಂಚ್ ಕ್ಲರ್ಕ್ ಕೊನೆಯ ಪುಟವನ್ನಷ್ಟೇ ಮಡಿಸಿ ಮುಂದಿಟ್ಟರೆ, ಮೊದಲ ಪುಟ ತಿರುವಿ ಎಂದು ವಕೀಲರು ಎದ್ದು ನಿಂತೇ ಕೇಳಬೇಕು. ‘ನಿಮ್ಮ ಪರ ಸಾಕ್ಷಿಗಳಿವೆಯೇ?’ ಎಂಬ ಕೊನೆಯ ಪ್ರಶ್ನೆಗೆ, ಹೆಂಡತಿಯ ಸರದಂಥ ಸಮಜಾಯಿಷಿ ಕೊಟ್ಟಿದ್ದರೆ, ಅಭ್ಯಾಸಬಲದಿಂದ ‘ಇಲ್ಲ’ ಎನ್ನದಂತೆ ಮೊದಲೇ ತಿಳಿಸಿರಬೇಕು.