ವ್ಯಂಗ್ಯದ ಪತ್ರವನ್ನು ಮೊಟಕುಗೊಳಿಸುವಾಗ: ನನ್ನ ಅನುಭವ

ಪತ್ರಿಕೆಯೊಂದರಲ್ಲಿ ಓದುಗರ ಪತ್ರಗಳನ್ನು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈಗೆ ಈ ಪತ್ರ ಬಂದಿತ್ತು:

“ನಮ್ಮ ಬೀದಿಗೆ ನೀರು ಬಿಡುವ ಮಹಾನುಭಾವರಿಗೆ ಅನಂತ ವಂದನೆಗಳು. ಹಗಲಲ್ಲಿ ನಮ್ಮ ಕೆಲಸ ಕೆಡಬಾರದೆಂದು, ಪಾಪ, ರಾತ್ರಿ 2 ಗಂಟೆಗೇ ನೀರು ಬಿಡುತ್ತಾರೆ. ಅದೂ ಅರ್ಧ ಗಂಟೆ ಮಾತ್ರ, ನಮ್ಮ ನಿದ್ದೆ ಹೆಚ್ಚು ಕೆಡಬಾರದಲ್ಲ! ನನ್ನ ತಾಯಿಗೆ 78 ವರ್ಷ. ಅವರೂ ಕೊಡ ಹಿಡಿದು ಎದ್ದು ಕೂರುತ್ತಾರೆ. ಕಚೇರಿಗೆ ಮೂರು ಸಲ ಹೋದೆ. ‘ಬರೆದುಕೊಡಿ’ ಎಂದರು, ಬರೆದುಕೊಟ್ಟೆ.”

ಇದ್ದ ಜಾಗ ಸುಮಾರು 30 ಪದಗಳಿಗಷ್ಟೇ ಸಾಲುತ್ತಿತ್ತು. ನಾನು ಅದನ್ನು “ರಾತ್ರಿ 2 ಗಂಟೆಗೆ ನೀರು ಬಿಡುತ್ತಿರುವುದರಿಂದ ನಿವಾಸಿಗಳು ಆಕ್ರೋಶಗೊಂಡಿದ್ದು, ವೃದ್ಧರು ಕಣ್ಣೀರಿಡುವಂತಾಗಿದೆ” ಎಂದು ಬದಲಿಸಿಬಿಟ್ಟೆ. ಪತ್ರ ಅಚ್ಚಾದ ದಿನ ಬರೆದವರೇ ಫೋನ್ ಮಾಡಿ, “ನನ್ನ ತಾಯಿ ಅತ್ತರೆಂದು ನಿಮಗೆ ಯಾರು ಹೇಳಿದರು, ಸರ್?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಕ್ರೋಶವೂ ಕಣ್ಣೀರೂ ಸುದ್ದಿ ಬರೆಯುವವರ ಕೈಗೆ ಸಲೀಸಾಗಿ ಸಿಗುವ ಪದಗಳು. ಅವರ ಪತ್ರದಲ್ಲಿ ಅವೆರಡೂ ಇರಲಿಲ್ಲ.

ಆ ಸಂಜೆ ಅದೇ ಪತ್ರವನ್ನು ಮತ್ತೆ ಕೈಗೆತ್ತಿಕೊಂಡು, ಸಂಗತಿಗಳಿಗೆ ಒಂದು ಗೆರೆ, ಕುಟುಕುವ ಪದಗಳಿಗೆ ಎರಡು ಗೆರೆ ಎಳೆಯುತ್ತಾ ಹೋದೆ. ಆಗ ತಿಳಿದದ್ದೇನೆಂದರೆ, ಹೊಗಳಿಕೆ ಮತ್ತು ಅದನ್ನು ಸುಳ್ಳು ಮಾಡುವ ಸಂಗತಿ ಎರಡೂ ಅಕ್ಕಪಕ್ಕ ಇದ್ದಾಗ ಮಾತ್ರ ಇಲ್ಲಿಯ ವ್ಯಂಗ್ಯ ನಿಲ್ಲುತ್ತದೆ. ‘ರಾತ್ರಿ 2 ಗಂಟೆ’ಯನ್ನು ತೆಗೆದರೆ ‘ಅನಂತ ವಂದನೆ’ ನಿಜವಾದ ವಂದನೆಯೇ ಆಗಿಬಿಡುತ್ತದೆ. ವಂದನೆಯನ್ನು ತೆಗೆದರೆ ಉಳಿಯುವುದು ಸಾಮಾನ್ಯ ದೂರು. ‘ಪಾಪ’ ಎಂಬ ಒಂದು ಪದ, ‘ಗಂಟೆಗೇ’ ಎಂಬಲ್ಲಿನ ಏಕಾರ, ಇವು ಹೆಚ್ಚು ಜಾಗ ಬೇಡುವುದಿಲ್ಲ, ಆದರೆ ದನಿ ಇರುವುದು ಅವುಗಳಲ್ಲೇ. ನಿದ್ದೆಯ ಮಾತು ಅದೇ ಕುಟುಕಿನ ಎರಡನೆಯ ಸುತ್ತಾದ್ದರಿಂದ ಅದನ್ನು ಬಿಡಬಹುದಿತ್ತು. ತಾಯಿಯ ವಿಷಯದಲ್ಲಿ ಮಾತ್ರ ಅವರು ವ್ಯಂಗ್ಯವಾಡಿರಲಿಲ್ಲ, ಗೋಳಾಡಿರಲೂ ಇಲ್ಲ. ಅಲ್ಲಿಗೆ ‘ಪಾಪ’ವನ್ನು ಎಳೆದು ತಂದರೆ ಅದು ಕನಿಕರವಾಗುತ್ತಿತ್ತು.

ಕೊನೆಗೆ ಉಳಿದದ್ದು ಹೀಗೆ:

“ನೀರು ಬಿಡುವ ಮಹಾನುಭಾವರಿಗೆ ಅನಂತ ವಂದನೆಗಳು. ಹಗಲಲ್ಲಿ ಕೆಲಸ ಕೆಡಬಾರದೆಂದು, ಪಾಪ, ರಾತ್ರಿ 2 ಗಂಟೆಗೇ, ಅದೂ ಅರ್ಧ ಗಂಟೆ ಬಿಡುತ್ತಾರೆ. 78 ವರ್ಷದ ನನ್ನ ತಾಯಿಯೂ ಕೊಡ ಹಿಡಿದು ಎದ್ದು ಕೂರುತ್ತಾರೆ. ಕಚೇರಿಗೆ ಮೂರು ಸಲ ಹೋದೆ. ‘ಬರೆದುಕೊಡಿ’ ಎಂದರು, ಬರೆದುಕೊಟ್ಟೆ.”

ಕೊನೆಯಲ್ಲಿ ‘ಆದರೂ ಪ್ರಯೋಜನವಾಗಲಿಲ್ಲ’ ಎಂದು ಸೇರಿಸಲು ಕೈ ಹೋಗಿತ್ತು. ಆದರೆ ಅವರು ‘ಬರೆದುಕೊಟ್ಟೆ’ ಎಂಬಲ್ಲಿಗೇ ನಿಲ್ಲಿಸಿದ್ದರು. ನಾನೂ ಅಲ್ಲಿಗೇ ನಿಲ್ಲಿಸಿ, ಅಚ್ಚಿಗೆ ಕಳುಹಿಸುವ ಮುನ್ನ ಈ ಸಲ ಫೋನಿನಲ್ಲಿ ಅವರಿಗೇ ಓದಿ ಹೇಳಿದೆ.