ಮೆಟ್ಟಿಲಿನ ಮೇಲ್ತುದಿಯ ಬೇಬಿ ಗೇಟ್ ಸಡಿಲವಾಗುತ್ತಿದ್ದುದು ನಿಂತಿದ್ದು ಹೀಗೆ

ಒಂದು ಕಡೆ ಇಟ್ಟಿಗೆ ಗೋಡೆ, ಇನ್ನೊಂದು ಕಡೆ ದುಂಡನೆಯ ಸ್ಟೀಲ್ ಕಂಬ. ಒತ್ತಡದ ಮೇಲೆ ನಿಲ್ಲುವ ಗೇಟ್ ಎರಡು ದಿನಕ್ಕೊಮ್ಮೆ ಕಂಬದ ಕಡೆ ಜಾರುತ್ತಿತ್ತು. ಬೋಲ್ಟ್ ಬಿಗಿ ಮಾಡಿದರೆ ಕಂಬವೇ ಸರಿಯಿತು, ರಬ್ಬರ್ ಇಟ್ಟರೂ ನಿಲ್ಲಲಿಲ್ಲ. ಅಂಥ ಗೇಟ್ ಮೇಲ್ತುದಿಗೆ ಬೇಡವೇ ಬೇಡ: ಅದರ ಕೆಳಪಟ್ಟಿಗೆ ಕಾಲು ತಗುಲಿದರೆ ದೊಡ್ಡವರೂ ಉರುಳುತ್ತಾರೆ. ಅದನ್ನು ಕೆಳತುದಿಯಲ್ಲಿ ಎರಡು ಗೋಡೆಗಳ ನಡುವೆ ಹಾಕಿ.

ಮೇಲ್ತುದಿಗೆಂದು ಸ್ಕ್ರೂ ಹಾಕುವ ಗೇಟ್ ತಂದರೂ ಮೊದಲ ಸಲ ಕಿತ್ತು ಬಂತು. ಜೊತೆಗೆ ಬಂದ 25 ಮಿ.ಮೀ. ಪ್ಲಗ್ ಹೆಚ್ಚುಕಡಿಮೆ ಗಾರೆಯಲ್ಲೇ ಉಳಿದಿತ್ತು, ಇಟ್ಟಿಗೆಯನ್ನು ಹಿಡಿದಿರಲಿಲ್ಲ. ಡ್ರಿಲ್ಲಿನಿಂದ ಬರುವ ಪುಡಿ ಬೂದು ಬಣ್ಣದಿಂದ ಕೆಂಪಿಗೆ ತಿರುಗಿದರೆ ಇಟ್ಟಿಗೆ ಸಿಕ್ಕಿತೆಂದು ಅರ್ಥ. 8 ಮಿ.ಮೀ. ಬಿಟ್‌ನಲ್ಲಿ 65 ಮಿ.ಮೀ. ಆಳ ಕೊರೆದು, ಪುಡಿ ಪೂರ್ತಿ ಊದಿ ತೆಗೆದು, 50 ಮಿ.ಮೀ. ಪ್ಲಗ್, 60 ಮಿ.ಮೀ. ಸ್ಕ್ರೂ ಹಾಕಿದೆ.

ಕಂಬಕ್ಕೆ ಸಾಗುವಾನಿ ರೀಪರ್ ನಿಲ್ಲಿಸಿ, ನಡುವೆ ರಬ್ಬರ್ ಶೀಟ್ ಇಟ್ಟು, ಮೇಲೆ ಕೆಳಗೆ ಒಂದೊಂದು ಯು-ಬೋಲ್ಟ್ ಬಿಗಿದೆ. ರಬ್ಬರ್ ಇಲ್ಲದಿದ್ದರೆ ರೀಪರ್ ಕಂಬದ ಸುತ್ತ ತಿರುಗುತ್ತದೆ. ಕೀಲು ಗೋಡೆಗೆ, ಚಿಲಕ ರೀಪರ್‌ಗೆ. ಗೇಟ್ ಮೆಟ್ಟಿಲಿನ ಕಡೆ ತೆರೆಯದಂತೆ ತಡೆಯನ್ನೂ ಕೂರಿಸಿದೆ. ಈಗ ಎರಡೂ ಕೈಯಿಂದ ಜಗ್ಗಿದರೂ ಅಲುಗುವುದಿಲ್ಲ.